ತೀರ್ಪು ಬಂತು, ಸಿಕ್ಕಿದ್ದೇನು?

ಅಕ್ಕನೊಬ್ಬಳು ಇಬ್ಬರು ತಮ್ಮಂದಿರ ಮೇಲೆ ಪಾಲಿನ ದಾವೆ ಹೂಡಿದ್ದಾಳೆ ಎಂದಿಟ್ಟುಕೊಳ್ಳಿ. ತಂದೆ ತಾಯಿ ತೀರಿಕೊಂಡಿದ್ದಾರೆ. ಷೆಡ್ಯೂಲಿನಲ್ಲಿ ಮೂರು ಸ್ವತ್ತುಗಳಿವೆ: ಹೊಲ, ಊರಿನ ಮನೆ, ಕಿರಿಯ ತಮ್ಮನ ಹೆಸರಿನಲ್ಲಿರುವ ಪೇಟೆಯ ಸೈಟು. ಮೂರರಲ್ಲೂ 1/3 ಪಾಲು ಬೇಕು, ಯಾರೂ ಮಾರದಂತೆ ತಡೆಯಾಜ್ಞೆಯೂ ಬೇಕು ಎಂದು ಅವಳು ಕೇಳಿದ್ದಾಳೆ. ಈಗ ಮೂವತ್ತು ಪುಟದ ತೀರ್ಪಿನ ನಕಲು ಕೈಗೆ ಬಂದಿದೆ.

ಮೊದಲಿನಿಂದ ಓದಿಕೊಂಡು ಹೋದರೆ ಐದನೇ ಪುಟದಲ್ಲೇ ‘ಮೂರೂ ಒಟ್ಟು ಕುಟುಂಬದ ಸ್ವತ್ತು’ ಎಂಬ ಸಾಲು ಸಿಗುತ್ತದೆ. ಅದು ಕೋರ್ಟಿನ ಮಾತಲ್ಲ, ಅವಳದೇ ದಾವೆಯ ಸಾರಾಂಶ. ಎರಡೂ ಕಡೆಯ ವಾದ ಹೇಳಿ ಮುಗಿದ ಮೇಲೆ ವಿವಾದಾಂಶಗಳು, ಅಂದರೆ ತೀರ್ಮಾನವಾಗಬೇಕಾದ ಪ್ರಶ್ನೆಗಳು, ನಂಬರು ಹಾಕಿ ಬರುತ್ತವೆ. ಪ್ರತಿಯೊಂದಕ್ಕೂ ‘ಸಕಾರಾತ್ಮಕ’ ಅಥವಾ ‘ನಕಾರಾತ್ಮಕ’ ಎಂಬ ಚುಟುಕು ಉತ್ತರವಿರುತ್ತದೆ. ಮುಂದಿನ ಪುಟಗಳಲ್ಲಿರುವುದು ಆ ಉತ್ತರಗಳಿಗೆ ಕಾರಣ.

ಜನ ಎಡವುವುದು ಈ ಕಾರಣಗಳಲ್ಲೇ. ಸೈಟಿನ ದುಡ್ಡಿನ ಬಗ್ಗೆ ತಮ್ಮ ಹೇಳಿದ್ದು ನಂಬುವಂತಿಲ್ಲ ಎಂದು ನ್ಯಾಯಾಧೀಶರು ಬರೆದಿದ್ದಾರೆ. ಅಕ್ಕನಿಗೆ ಗೆದ್ದಷ್ಟೇ ಸಂತೋಷ. ಎರಡು ಪ್ಯಾರಾ ಮುಂದೆ ಹೋದರೆ, ಅದನ್ನು ಕೊಳ್ಳುವಷ್ಟು ಆದಾಯ ಕುಟುಂಬಕ್ಕಿತ್ತೆಂದು ಮೊದಲು ತೋರಿಸಬೇಕಾದವಳು ವಾದಿಯೇ, ಅವಳು ತೋರಿಸಿಲ್ಲ ಎಂದಿದೆ. ತಮ್ಮನಿಗೆ ಬೈಗುಳವೂ ಸಿಕ್ಕಿತು, ಸೈಟೂ ಉಳಿಯಿತು.

ಆದ್ದರಿಂದ ಮೊದಲು ಕೊನೆಯ ಪುಟ ತಿರುಗಿಸಿ, ‘ಆದೇಶ’ ಎಂಬ ತಲೆಬರಹದ ಕೆಳಗೆ ನೋಡಿ. ಅಲ್ಲಿರುವುದು ಇಷ್ಟು: ದಾವೆ ಭಾಗಶಃ ಡಿಕ್ರಿಯಾಗಿದೆ, 1 ಮತ್ತು 2ನೇ ಸ್ವತ್ತಿನಲ್ಲಿ ವಾದಿಗೆ 1/3 ಪಾಲು, 3ನೇ ಸ್ವತ್ತಿನ ಮಟ್ಟಿಗೆ ದಾವೆ ವಜಾ, ಖರ್ಚು ಅವರವರದೇ, ಪ್ರಾಥಮಿಕ ಡಿಕ್ರಿ ತಯಾರಿಸುವುದು. ಡಿಕ್ರಿ ಸಿದ್ಧವಾಗುವುದು ಈ ಸಾಲುಗಳಿಂದ, ಅಮಲ್ಜಾರಿ ಕೋರ್ಟು ನೋಡುವುದು ಆ ಡಿಕ್ರಿಯನ್ನು. ‘ಪ್ರಾಥಮಿಕ’ ಎಂದಿರುವುದರಿಂದ ಸದ್ಯಕ್ಕೆ ಗೊತ್ತಾಗಿರುವುದು ಪಾಲಿನ ಪ್ರಮಾಣ ಮಾತ್ರ. ಹೊಲದ ಯಾವ ಬದಿ ಯಾರಿಗೆ ಎಂಬುದು ಇನ್ನೂ ಆಗಬೇಕು. ಕಂದಾಯದ ಜಮೀನಾದರೂ ಕರ್ನಾಟಕದಲ್ಲಿ ಅದನ್ನು ಕೋರ್ಟೇ ಭಾಗ ಮಾಡುತ್ತದೆ, ಅಗತ್ಯವಿದ್ದರೆ ಕಂದಾಯ ಅಧಿಕಾರಿಯ ವರದಿ ತರಿಸಿಕೊಳ್ಳುತ್ತದೆ. ಇಂದೇ ಹೋಗಿ ಬೇಲಿ ಹಾಕಲು ಬರುವುದಿಲ್ಲ.

ಆದೇಶದಲ್ಲಿ ಬರೆಯದೆ ಬಿಟ್ಟದ್ದಕ್ಕೂ ಬೆಲೆಯಿದೆ. ದಾವೆಯ ಕೊನೆಯಲ್ಲಿ ಕೇಳಿಕೊಂಡ ಪರಿಹಾರಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ. ಇಲ್ಲಿ ತಡೆಯಾಜ್ಞೆಯ ಸುದ್ದಿಯೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮಿನ ವಿವರಣೆಯ ಪ್ರಕಾರ, ಕೇಳಿದ ಪರಿಹಾರವನ್ನು ಡಿಕ್ರಿಯಲ್ಲಿ ಸ್ಪಷ್ಟವಾಗಿ ಕೊಡದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ.

ಕಾರಣಗಳು ಕೆಲಸಕ್ಕೆ ಬರುವುದು ಮೇಲ್ಮನವಿಯಲ್ಲಿ. ಮೇಲ್ಮನವಿ ಹೂಡುವುದು ಡಿಕ್ರಿಯ ವಿರುದ್ಧ, ಅಲ್ಲಿ ತಪ್ಪು ಹುಡುಕುವುದು ಕಾರಣಗಳಲ್ಲಿ. ಹೈಕೋರ್ಟಿಗಾದರೆ 90 ದಿನ, ಅದಕ್ಕಿಂತ ಕೆಳಗಿನ ಕೋರ್ಟಿಗಾದರೆ 30 ದಿನ ಅವಕಾಶವಿದೆ. ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಎಣಿಸುವುದಿಲ್ಲ. ಕಾರಣದಲ್ಲಿ 1/3 ಎಂದಿದ್ದು ಆದೇಶದಲ್ಲಿ 1/4 ಎಂದು ಟೈಪಾಗಿದ್ದರೆ ಮಾತ್ರ ಮೇಲ್ಮನವಿಯ ಗೊಡವೆ ಬೇಡ. 152ನೇ ಕಲಮಿನಡಿ ಅದೇ ಕೋರ್ಟಿಗೆ ಒಂದು ಅರ್ಜಿ ಕೊಟ್ಟರೆ ಕೈತಪ್ಪನ್ನು ತಿದ್ದಿಕೊಡುತ್ತಾರೆ.