ಶೈಲಿಯನ್ನು ಕಲಿಯಬೇಕಿಲ್ಲ, ಅಳೆದರೆ ಸಾಕು

ನಮ್ಮ ಫೋಟೊವನ್ನು ವ್ಯಾನ್ ಗೋ ಬರೆದ ಚಿತ್ರದ ಹಾಗೆ ಮಾಡಿಕೊಡುವ ಆ್ಯಪ್‌ಗಳು 2016ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿದವು. ಪ್ರಿಸ್ಮಾ ಎಂಬುದು ಅವುಗಳಲ್ಲಿ ಹೆಚ್ಚು ಹೆಸರು ಮಾಡಿತು. ಆದರೆ ಅಲ್ಲಿ ಪಟ್ಟಿಯಲ್ಲಿ ಕೊಟ್ಟ ಶೈಲಿಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕಿತ್ತು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಯಲ್ಲಿ ಬರೆಯುತ್ತಾರಲ್ಲ, ಆ ಹಸೆ ಚಿತ್ತಾರದ ಹಾಗೆ ನನ್ನ ಫೋಟೊ ಬೇಕು ಎಂದರೆ ಅದಕ್ಕೆ ದಾರಿ ಇರಲಿಲ್ಲ. ಆಗ ಚಾಲ್ತಿಯಲ್ಲಿದ್ದ ವೇಗದ ವಿಧಾನದಲ್ಲಿ ಒಂದೊಂದು ಶೈಲಿಗೂ ಒಂದೊಂದು ಮಾಡೆಲ್ ಅನ್ನು ಬೇರೆಯಾಗಿ ತಯಾರು ಮಾಡಬೇಕಿತ್ತು. ಮರುವರ್ಷವೇ ಈ ಕಟ್ಟು ಸಡಿಲವಾಯಿತು. ಸಡಿಲಿಸಿದ್ದು ಹೈಸ್ಕೂಲಿನ ಲೆಕ್ಕದ ಪುಸ್ತಕದಲ್ಲಿ ಬರುವ ಎರಡು ಸಂಖ್ಯೆಗಳು: ಸರಾಸರಿ ಮತ್ತು ಮಾನಕ ವಿಚಲನೆ.

ಮೊದಲಿನಿಂದ ನೋಡೋಣ. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಲಿಯಾನ್ ಗ್ಯಾಟಿಸ್, ಅಲೆಕ್ಸಾಂಡರ್ ಎಕರ್, ಮಥಿಯಾಸ್ ಬೆಥ್ಗೆ ಎಂಬ ಮೂವರು ಒಂದು ಪ್ರಯೋಗ ಮಾಡಿದರು. ಚಿತ್ರದಲ್ಲಿರುವುದು ನಾಯಿಯೋ ಕಾರೋ ಎಂದು ಗುರುತಿಸಲು ಆಕ್ಸ್‌ಫರ್ಡ್‌ನಲ್ಲಿ ತಯಾರಾಗಿದ್ದ ವಿಜಿಜಿ-19 ಎಂಬ ನೆಟ್‌ವರ್ಕ್ ಅವರ ಕೈಯಲ್ಲಿತ್ತು. ಅದಕ್ಕೆ ಒಂದು ಚಿತ್ರ ಕೊಟ್ಟರೆ ಒಳಗಿನ ಒಂದೊಂದು ಪದರದಲ್ಲೂ ಹತ್ತಾರು, ನೂರಾರು ಚಾನೆಲ್‌ಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ಚಾನೆಲ್ ಓರೆ ಗೆರೆಗಳನ್ನು ಹುಡುಕಿದರೆ ಇನ್ನೊಂದು ಸುರುಳಿಗಳನ್ನು, ಮತ್ತೊಂದು ಒರಟು ಮೈಯನ್ನು ಹುಡುಕುತ್ತದೆ. ತನಗೆ ಬೇಕಾದದ್ದು ಎಲ್ಲಿ ಎಷ್ಟು ಸಿಕ್ಕಿತು ಎಂದು ಚಿತ್ರದ ಉದ್ದಗಲಕ್ಕೂ ಸಂಖ್ಯೆಗಳನ್ನು ಬರೆದಿಡುತ್ತದೆ. ಯಾವುದು ಎಲ್ಲಿದೆ ಎಂಬ ವಿವರ ಚಿತ್ರದ ವಸ್ತು. ಎಲ್ಲಿ ಎಂಬುದನ್ನು ಬಿಟ್ಟು, ಯಾವ ಚಾನೆಲ್‌ಗಳು ಒಟ್ಟೊಟ್ಟಿಗೆ ಎಷ್ಟು ಮಿಡಿದವು ಎಂದು ಮಾತ್ರ ಲೆಕ್ಕ ಹಾಕಿದರೆ ಸಿಗುವುದು ಶೈಲಿ. ಈ ಎರಡನ್ನೂ ಬಿಡಿಸಿ ಹಿಡಿಯಬಹುದು ಎಂದು ತೋರಿಸಿದ್ದು ಆ ಮೂವರ ಸಾಧನೆ. ಅವರ ವಿಧಾನದಲ್ಲಿ ಮಾತ್ರ ಒಂದೊಂದು ಫೋಟೊಗೂ ಪಿಕ್ಸೆಲ್‌ಗಳನ್ನು ನೂರಾರು ಸುತ್ತು ತಿದ್ದುತ್ತ ಕೂರಬೇಕಿತ್ತು.

2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಸ್ಟಿನ್ ಜಾನ್ಸನ್ ಮತ್ತು ಜೊತೆಗಾರರು ಆ ದುಡಿಮೆಯನ್ನೆಲ್ಲ ಮೊದಲೇ ಮುಗಿಸಿಡುವ ಉಪಾಯ ಹೂಡಿದರು. ಸುಮಾರು 80,000 ಫೋಟೊಗಳನ್ನು ತೋರಿಸಿ, ಎಲ್ಲವನ್ನೂ ಒಂದೇ ಒಂದು ವರ್ಣಚಿತ್ರದ ಶೈಲಿಗೆ ತಿರುಗಿಸುವುದನ್ನು ಒಂದು ನೆಟ್‌ವರ್ಕ್‌ಗೆ ಕಲಿಸಿದರು. ಅಂದಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಶೈಲಿ ಕಲಿಸಲು ಹೆಚ್ಚುಕಡಿಮೆ 4 ಗಂಟೆ ಬೇಕಾಯಿತು. ಕಲಿತ ಮೇಲೆ ಹೊಸ ಫೋಟೊ ಕಣ್ಣು ಮಿಟುಕಿಸುವಷ್ಟರಲ್ಲಿ ತಯಾರು. ವೇಗ ಬಂತು, ಸ್ವಾತಂತ್ರ್ಯ ಹೋಯಿತು. ಶೈಲಿ ಇಲ್ಲಿ ನೆಟ್‌ವರ್ಕ್‌ನ ಹದಿನಾರು ಲಕ್ಷದಷ್ಟು ಸಂಖ್ಯೆಗಳೊಳಗೆ ಕರಗಿಹೋಗಿರುತ್ತದೆ, ಅದನ್ನು ಎತ್ತಿ ತೆಗೆದು ಬೇರೊಂದನ್ನು ಕೂರಿಸಲು ಬಾರದು. ಹತ್ತು ಶೈಲಿ ಬೇಕಿದ್ದರೆ ಹತ್ತು ಮಾಡೆಲ್, ಹತ್ತು ಸಲ ತರಬೇತಿ.

ಅದೇ ವರ್ಷ ಡಿಮಿಟ್ರಿ ಉಲಿಯಾನೊವ್ ಮತ್ತು ಸಂಗಡಿಗರು ಇಂಥ ನೆಟ್‌ವರ್ಕ್‌ಗಳಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಒಂದೊಂದು ಚಿತ್ರದ ಒಂದೊಂದು ಚಾನೆಲ್‌ನಲ್ಲೂ ಸರಾಸರಿಯನ್ನು ಕಳೆದು ಮಾನಕ ವಿಚಲನೆಯಿಂದ ಭಾಗಿಸುವುದು, ಅಷ್ಟೇ. ಇದಕ್ಕೆ ಇನ್‌ಸ್ಟನ್ಸ್ ನಾರ್ಮಲೈಸೇಶನ್ ಎಂದು ಹೆಸರು. ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸಿತು. ಬಳಿಕ ಗೂಗಲ್‌ನ ವಿನ್ಸೆಂಟ್ ಡುಮೊಲಾನ್ ತಂಡಕ್ಕೆ ಇನ್ನೊಂದು ವಿಚಿತ್ರ ಕಂಡಿತು. ಒಂದೇ ನೆಟ್‌ವರ್ಕ್ ಇಟ್ಟುಕೊಂಡು, ಹೀಗೆ ಸಮಮಾಡಿದ ಮೇಲೆ ಒಂದೊಂದು ಚಾನೆಲ್‌ಗೆ ಗುಣಿಸುವ ಮತ್ತು ಕೂಡಿಸುವ ಎರಡು ಸಂಖ್ಯೆಗಳನ್ನು ಮಾತ್ರ ಬದಲಿಸಿದರೆ ಶೈಲಿಯೇ ಬದಲಾಗುತ್ತದೆ! ಒಂದು ಶೈಲಿಗೆ ಸುಮಾರು 3,000 ಸಂಖ್ಯೆಗಳು ಸಾಕು. ಹೀಗೆ ಅವರು 32 ಶೈಲಿಗಳನ್ನು ಒಂದೇ ಮಾಡೆಲ್‌ನಲ್ಲಿ ತುಂಬಿದರು. ಆದರೂ ಆ ಸಂಖ್ಯೆಗಳನ್ನು ಶೈಲಿಗೊಮ್ಮೆ ಕಲಿಸಲೇಬೇಕಿತ್ತು.

ಕಾರ್ನೆಲ್ ವಿಶ್ವವಿದ್ಯಾಲಯದ ಶುನ್ ಹುವಾಂಗ್ ಮತ್ತು ಸರ್ಜ್ ಬೆಲೋಂಗಿ 2017ರಲ್ಲಿ ಕೈಹಾಕಿದ್ದು ಇಲ್ಲಿಗೇ. ಇನ್‌ಸ್ಟನ್ಸ್ ನಾರ್ಮಲೈಸೇಶನ್ ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ? ಫೋಟೊದ ನೆರಳು ಬೆಳಕಿನ ಅಂತರವನ್ನು ಅದು ಸಮಮಾಡುತ್ತದೆ ಎಂಬುದು ಅಲ್ಲಿಯವರೆಗಿನ ಉತ್ತರ. ಹಾಗಿದ್ದರೆ ಮೊದಲೇ ನೆರಳು ಬೆಳಕು ಸಮಮಾಡಿದ ಫೋಟೊಗಳನ್ನು ಕೊಟ್ಟಾಗ ಅದರ ಲಾಭ ಕಾಣೆಯಾಗಬೇಕು. ಅವರು ಕೊಟ್ಟು ನೋಡಿದರು. ಲಾಭ ಹಾಗೇ ಉಳಿಯಿತು. ಎಲ್ಲವನ್ನೂ ಮೊದಲೇ ಒಂದೇ ಶೈಲಿಗೆ ತಂದ ಚಿತ್ರಗಳನ್ನು ಕೊಟ್ಟಾಗ ಮಾತ್ರ ಲಾಭ ಬಹುಮಟ್ಟಿಗೆ ಇಲ್ಲವಾಯಿತು. ಅಂದರೆ ಸರಾಸರಿ ಕಳೆದು ವಿಚಲನೆಯಿಂದ ಭಾಗಿಸುವಾಗ ತೊಳೆದುಹೋಗುತ್ತಿದ್ದುದು ಫೋಟೊದ ಶೈಲಿಯೇ. ತೆಗೆದದ್ದು ಶೈಲಿಯಾದರೆ ಹಾಕಬೇಕಾದದ್ದೂ ಅವೇ ಎರಡು ಸಂಖ್ಯೆಗಳು. ಅವನ್ನು ಕಲಿಸುವ ಗೋಜೇಕೆ, ಶೈಲಿಯ ಚಿತ್ರದಿಂದ ನೇರವಾಗಿ ಅಳೆದುಕೊಳ್ಳಬಹುದಲ್ಲ! ಅಡಾಪ್ಟಿವ್ ಇನ್‌ಸ್ಟನ್ಸ್ ನಾರ್ಮಲೈಸೇಶನ್ ಎಂದರೆ ಇಷ್ಟೇ. ಸೂತ್ರವೂ ಒಂದೇ ಸಾಲು:

```
AdaIN(x, y) = σ(y) · (x − μ(x)) / σ(x) + μ(y)
```

x ಎಂದರೆ ಫೋಟೊದ ಒಂದು ಚಾನೆಲ್, y ಎಂದರೆ ಶೈಲಿಚಿತ್ರದ ಅದೇ ಚಾನೆಲ್. μ ಸರಾಸರಿ, σ ಮಾನಕ ವಿಚಲನೆ. ಒಂದು ಪುಟ್ಟ ಲೆಕ್ಕ ಮಾಡೋಣ. ಫೋಟೊದ ಒಂದು ಚಾನೆಲ್‌ನಲ್ಲಿ ಎಂಟೇ ಸಂಖ್ಯೆಗಳಿವೆ ಎಂದುಕೊಳ್ಳಿ: 2, 4, 4, 4, 5, 5, 7, 9. ಸರಾಸರಿ 5, ಮಾನಕ ವಿಚಲನೆ 2. ಚಿತ್ತಾರದ ಅದೇ ಚಾನೆಲ್‌ನ ಸರಾಸರಿ 10, ವಿಚಲನೆ 4 ಇರಲಿ. ಸೂತ್ರ ಹಾಕಿದರೆ ಫೋಟೊದ ಸಂಖ್ಯೆಗಳು 4, 8, 8, 8, 10, 10, 14, 18 ಆಗುತ್ತವೆ. ಈಗ ಇವುಗಳ ಸರಾಸರಿಯೂ ವಿಚಲನೆಯೂ ಚಿತ್ತಾರದವೇ. ಆದರೆ ಎಲ್ಲಿ ಹೆಚ್ಚಿತ್ತೋ ಅಲ್ಲಿ ಈಗಲೂ ಹೆಚ್ಚು, ಎಲ್ಲಿ ಕಡಿಮೆ ಇತ್ತೋ ಅಲ್ಲಿ ಕಡಿಮೆ. ಬಿಗಿ ಮೇಷ್ಟರು ಕೊಟ್ಟ ಅಂಕಗಳನ್ನು ಧಾರಾಳಿ ಮೇಷ್ಟರ ಅಳತೆಗೆ ಏರಿಸಿದರೂ ತರಗತಿಯಲ್ಲಿ ಮೊದಲು ಬಂದವಳು ಮೊದಲೇ ಉಳಿಯುವ ಹಾಗೆ. ಮನೆ, ಮರ, ಮುಖ ಇದ್ದಲ್ಲೇ ಇದ್ದು ಮೈಬಣ್ಣ ಮಾತ್ರ ಬದಲಾಗುವುದು ಇದರಿಂದ.

ನಿಜದ ಲೆಕ್ಕ ಇದಕ್ಕಿಂತ ದೊಡ್ಡದು. ಹುವಾಂಗ್ ಮತ್ತು ಬೆಲೋಂಗಿ ವಿಜಿಜಿ-19ರ `relu4_1` ಎಂಬ ಪದರದವರೆಗಿನ ಭಾಗವನ್ನು ಏನೂ ತಿದ್ದದೆ ಎನ್‌ಕೋಡರ್ ಆಗಿ ಬಳಸಿದರು. ಅಲ್ಲಿ 512 ಚಾನೆಲ್‌ಗಳಿವೆ, ಚಾನೆಲ್‌ಗೆ ಎರಡರಂತೆ 1,024 ಸಂಖ್ಯೆಗಳು. ಫೋಟೊಗೆ ಇಳಿಯುವ ಶೈಲಿ ಎಂದರೆ ಒಟ್ಟು ಇಷ್ಟೇ. ಬದಲಾದ ಚಾನೆಲ್‌ಗಳಿಂದ ಮತ್ತೆ ಚಿತ್ರ ಬಿಡಿಸುವ ಡಿಕೋಡರ್ ಒಂದಕ್ಕೆ ಮಾತ್ರ ತರಬೇತಿ ಬೇಕು, ಅದೂ ಒಂದೇ ಸಲ. ಅದಕ್ಕೆ ಸುಮಾರು 80,000 ಫೋಟೊಗಳನ್ನೂ ಸುಮಾರು ಅಷ್ಟೇ ವರ್ಣಚಿತ್ರಗಳನ್ನೂ ಜೋಡಿ ಮಾಡಿ ತೋರಿಸಿದರು. ಬಿಡಿಸಿದ ಚಿತ್ರವನ್ನು ಮತ್ತೆ ಎನ್‌ಕೋಡರ್‌ಗೆ ಹಾಕಿದಾಗ ಬೇಕಾದ ಚಾನೆಲ್‌ಗಳೇ ವಾಪಸು ಬಂದವೇ, ನಾಲ್ಕು ಪದರಗಳಲ್ಲಿ ಸರಾಸರಿ ಮತ್ತು ವಿಚಲನೆ ಶೈಲಿಚಿತ್ರಕ್ಕೆ ಹೊಂದಿದವೇ ಎಂಬುದೇ ಪರೀಕ್ಷೆ. ಈ ಡಿಕೋಡರ್ ಒಳಗೆ ಎಲ್ಲೂ ನಾರ್ಮಲೈಸೇಶನ್ ಇಡಲಿಲ್ಲ. ಇಟ್ಟಿದ್ದರೆ ಈಗಷ್ಟೇ ಹಾಕಿದ ಶೈಲಿಯನ್ನು ಅದು ಮತ್ತೆ ತೊಳೆದುಬಿಡುತ್ತಿತ್ತು.

ಚಿತ್ತಾರವನ್ನು ಡಿಕೋಡರ್ ಎಂದೂ ನೋಡಿರದಿದ್ದರೂ ಚಿಂತೆಯಿಲ್ಲ. ಅಳೆದ ಸಂಖ್ಯೆಗಳಿಂದ ಚಿತ್ರ ಬಿಡಿಸುವುದನ್ನಷ್ಟೇ ಅದು ಕಲಿತಿರುವುದು. ಅಂದಿನ ಕಾರ್ಡಿನಲ್ಲಿ 512 ಪಿಕ್ಸೆಲ್ ಅಗಲದ ಚಿತ್ರಗಳನ್ನು ಸೆಕೆಂಡಿಗೆ 15ರಂತೆ ಅದು ತಯಾರಿಸುತ್ತಿತ್ತು. ಶೈಲಿ ಸ್ವಲ್ಪ ಕಡಿಮೆಯಾಗಲಿ ಎನಿಸಿದರೆ ಹೊಸ ತರಬೇತಿ ಬೇಡ. ಮೂಲ ಚಾನೆಲ್‌ಗಳನ್ನೂ ಬದಲಾದವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿ ಡಿಕೋಡರ್‌ಗೆ ಕೊಟ್ಟರಾಯಿತು. ಎರಡು ಶೈಲಿಗಳನ್ನು ಕೂಡಿಸುವುದೂ ಹೀಗೆಯೇ. ಒಂದು ಶೈಲಿಗೆ ಒಂದು ಮಾಡೆಲ್ ಎಂಬ ಪದ್ಧತಿಯಲ್ಲಿ ಇಂಥ ತಿರುಗುಗುಂಡಿ ಸಿಗುತ್ತಿರಲಿಲ್ಲ, ಎಷ್ಟು ಶೈಲಿ ಎಂಬುದು ತರಬೇತಿಯ ಹೊತ್ತಿಗೇ ನಿಗದಿಯಾಗಿರುತ್ತಿತ್ತು.

ಇನ್ನು ಕೊರತೆಯ ಕಡೆ. ಚಿತ್ತಾರದ ಫೋಟೊ ಕೊಟ್ಟರೆ ಕೆಮ್ಮಣ್ಣಿನ ಬಣ್ಣ ಬರುತ್ತದೆ, ತೆಳು ಬಿಳಿ ಗೆರೆಗಳ ಗುಣವೂ ಒಂದಿಷ್ಟು ಬರುತ್ತದೆ. ಆದರೆ ಚಿತ್ತಾರ ಚಿತ್ತಾರವಾಗುವುದು ಆ ಗೆರೆಗಳು ಹೆಣೆದುಕೊಂಡು ಚೌಕ, ತ್ರಿಕೋನ, ಏಣಿಗಳಾದಾಗ. ಆ ಹೆಣಿಗೆಯನ್ನು ಸರಾಸರಿ ಹಿಡಿಯಲಾರದು. ಎನ್‌ಕೋಡರ್ ಕೊಟ್ಟ ಸಂಖ್ಯೆಗಳನ್ನು ಕಲಸಿ ಸ್ಥಳ ಬದಲಿಸಿದರೂ ಸರಾಸರಿ, ವಿಚಲನೆ ಕಿಂಚಿತ್ತೂ ಬದಲಾಗುವುದಿಲ್ಲ. ಯಾವ ಚಾನೆಲ್ ಯಾವುದರ ಜೊತೆ ಮಿಡಿಯಿತು ಎಂಬ ಗ್ಯಾಟಿಸ್‌ರ ಲೆಕ್ಕವೂ ಇಲ್ಲಿ ಕೈಬಿಟ್ಟುಹೋಗಿದೆ. 512 ಚಾನೆಲ್‌ಗಳ ಜೋಡಿಗಳಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಗಳಿದ್ದವು, ಈಗ ಸಾವಿರದ ಚಿಲ್ಲರೆ. ಅದೇ ವರ್ಷ ಬಂದ ಡಬ್ಲ್ಯುಸಿಟಿ ಎಂಬ ವಿಧಾನ ಆ ಜೋಡಿ ಲೆಕ್ಕವನ್ನು ಮತ್ತೆ ಒಳಗೆ ತಂದಿತು, ಲೆಕ್ಕದ ಹೊರೆಯೂ ಹೆಚ್ಚಿತು.

ಮತ್ತೊಂದು ತೊಂದರೆ ಸೂತ್ರದ ಭಾಗಾಕಾರದಲ್ಲೇ ಅಡಗಿದೆ. ಮೋಡವಿಲ್ಲದ ಆಕಾಶವೇ ತುಂಬಿದ ಫೋಟೊದಲ್ಲಿ ಕೆಲವು ಚಾನೆಲ್‌ಗಳು ಬಹುತೇಕ ಸುಮ್ಮನಿರುತ್ತವೆ. ಅಂಥದ್ದರ ವಿಚಲನೆ 0.1, ಶೈಲಿಯ ವಿಚಲನೆ 4 ಎಂದರೆ ಫೋಟೊದ ಗಮನಕ್ಕೆ ಬಾರದ ಅಲುಗಾಟ 40 ಪಟ್ಟು ಹಿಗ್ಗುತ್ತದೆ. ಹಾಗಾಗಿ ಫಲಿತಾಂಶ ಹೇಗಿದೆ ಎಂದು ತಿಳಿಯಬೇಕಾದರೆ ನಾನು ಮೊದಲು ನೋಡುವುದು ಖಾಲಿ ಆಕಾಶ, ನುಣುಪು ಕೆನ್ನೆ, ಬೋಳು ಗೋಡೆಗಳನ್ನು. ಅಲ್ಲಿ ಕಾರಣವಿಲ್ಲದೆ ಗೀಚು, ಕಲೆ ಎದ್ದಿದ್ದರೆ ಈ ಹಿಗ್ಗುವಿಕೆಯ ಮೇಲೆಯೇ ಮೊದಲ ಅನುಮಾನ.

ಒಂದೇ ಶೈಲಿಯನ್ನು ಸಾವಿರಾರು ಫೋಟೊಗಳಿಗೆ ಅಚ್ಚುಕಟ್ಟಾಗಿ ಹಾಕಬೇಕಾದವರಿಗೆ ಹಳೆಯ ಪದ್ಧತಿ ಇಂದಿಗೂ ಕೆಟ್ಟದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಆ ಶೈಲಿಗೆಂದೇ ಕಲಿತ ಮಾಡೆಲ್‌ಗೆ ಹೋಲಿಸಿದರೆ ತಮ್ಮದರ ತಪ್ಪಿನ ಪ್ರಮಾಣ ತುಸು ಹೆಚ್ಚು ಎಂದು ಹುವಾಂಗ್ ಮತ್ತು ಬೆಲೋಂಗಿಯವರ ಪ್ರಬಂಧವೇ ಒಪ್ಪುತ್ತದೆ. ಎಂದೂ ಕಾಣದ ಶೈಲಿಗೂ ಅಷ್ಟು ಹತ್ತಿರ ಬಂದದ್ದೇ ಅದರ ಹೆಚ್ಚುಗಾರಿಕೆ.

ಈ ಸೂತ್ರ ಫೋಟೊ ಬದಲಿಸುವ ಆ್ಯಪ್‌ಗಳಿಗಷ್ಟೇ ಉಳಿಯಲಿಲ್ಲ. ಇಲ್ಲದ ಮನುಷ್ಯರ ಮುಖಗಳನ್ನು ಸೃಷ್ಟಿಸುವ ಸ್ಟೈಲ್‌ಗ್ಯಾನ್ ಎಂಬ ಮಾಡೆಲ್ ಅನ್ನು ಎನ್‌ವಿಡಿಯಾ 2018ರಲ್ಲಿ ಹೊರತಂದಾಗ ಅದರ ಹೊಟ್ಟೆಯಲ್ಲಿದ್ದದ್ದೂ ಇದೇ. ಆದರೆ ಅದರ ಚಿತ್ರಗಳಲ್ಲಿ ಅಲ್ಲಲ್ಲಿ ನೀರ ಹನಿಯಂಥ ಕಲೆ ಕಾಣಿಸಿಕೊಳ್ಳುತ್ತಿತ್ತು. ಒಂದೊಂದು ಚಾನೆಲ್ ಅನ್ನೂ ಬಿಡಿಬಿಡಿಯಾಗಿ ಸಮಮಾಡುವುದರಿಂದ ಯಾವ ಚಾನೆಲ್ ಉಳಿದವುಗಳಿಗಿಂತ ಬಲವಾಗಿದೆ ಎಂಬ ಮಾಹಿತಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ನೆಟ್‌ವರ್ಕ್ ಒಂದು ಮೂಲೆಯಲ್ಲಿ ಭಾರಿ ಸಂಖ್ಯೆಯೊಂದನ್ನು ನೆಟ್ಟು, ಸರಾಸರಿ ಮತ್ತು ವಿಚಲನೆಯನ್ನೇ ಏಮಾರಿಸುತ್ತಿದೆ ಎಂದು ಸಂಶೋಧಕರು ಊಹಿಸಿದರು. ಮುಂದಿನ ಆವೃತ್ತಿಯಲ್ಲಿ ಈ ಹಂತವನ್ನು ತೆಗೆದು, ಚಿತ್ರದಿಂದ ಅಳೆಯುವ ಬದಲು ನೆಟ್‌ವರ್ಕ್‌ನ ತೂಕಗಳನ್ನೇ ಅಂದಾಜಿನಿಂದ ಹೊಂದಿಸುವ ಲೆಕ್ಕ ಹಾಕಿದಾಗ ಹನಿಗಳು ಮಾಯವಾದವು.