ಶಾಲೆಯ ಗೋಡೆಯನ್ನು ಎಷ್ಟು ಕಡೆ ಬಿಚ್ಚಿ ನೋಡುತ್ತೀರಿ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಹೆಚ್ಚಿನವರು ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳ ಕೆಳಗೆ. ಕಲ್ಲುಗೋಡೆಯ ಹಳೆಯ ಶಾಲೆಗಳು ನಮ್ಮ ಉತ್ತರ ಕರ್ನಾಟಕದಲ್ಲೂ ಇವೆ. ಅಂಥ ಶಾಲೆಯ ಆಡಳಿತ ಮಂಡಳಿ ಕಟ್ಟಡವನ್ನು ಪರೀಕ್ಷಿಸಲು ಎಂಜಿನಿಯರುಗಳನ್ನು ಕರೆದರೆ ಅವರು ಮೊದಲು ಕೊಡುವುದು ಒಂದು ಪ್ರಸ್ತಾವ: ಏನೇನು ಪರೀಕ್ಷಿಸುತ್ತೇವೆ, ಕೊನೆಗೆ ಏನು ಕೊಡುತ್ತೇವೆ, ಎಷ್ಟು ಶುಲ್ಕ. ಅದರಲ್ಲಿ ನಾನು ಮೊದಲು ಹುಡುಕುವುದು ಒಂದೇ ಸಾಲನ್ನು, ಗೋಡೆಯನ್ನು ಎಷ್ಟು ಕಡೆ ಬಿಚ್ಚಿ ನೋಡುತ್ತಾರೆ ಎಂಬುದನ್ನು.

ಯಾಕೆಂದರೆ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ ಎಂದರೆ ಹೆಚ್ಚಾಗಿ ಒಂದು ಗೋಡೆಯಲ್ಲ, ಎರಡು. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡಲಾಗಿ ಇಡದಿದ್ದರೆ, ನೆಲ ನಡುಗಿದಾಗ ಹೊರಸಾಲು ಉಬ್ಬಿ ಕಳಚಿ ಬೀಳುತ್ತದೆ, ಸೂರಿನ ಭಾರ ಒಳಸಾಲಿನ ಮೇಲೆ ಕೂರುತ್ತದೆ. ಮೇಲೆ ಪ್ಲಾಸ್ಟರು, ಸುಣ್ಣ ಇರುವುದರಿಂದ ಹೊರಗಿನಿಂದ ಏನೂ ಕಾಣದು.

ವಿಜಯಪುರದಲ್ಲಿ ಮೂರು ಕೋಣೆಯ ಒಂದಂತಸ್ತಿನ ಶಾಲೆ ಇದೆ ಎಂದುಕೊಳ್ಳಿ: 25 ಮೀಟರ್ ಉದ್ದ, 7 ಮೀಟರ್ ಅಗಲ, ಕಲ್ಲುಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬು. ಸ್ಲ್ಯಾಬು ಮತ್ತು ಗೋಡೆಗಳ ಮೇಲರ್ಧ ಸೇರಿ ಸುಮಾರು 200 ಟನ್ ತೂಕ. 2016ರ ಭಾರತೀಯ ಸಂಹಿತೆಯಂತೆ ಮೂರನೇ ವಲಯದಲ್ಲಿ, ಪಟ್ಟಿಗಳಿಲ್ಲದ ಇಂಥ ಶಾಲೆಗೆ ಅದರ ಐದನೇ ಒಂದು ಭಾಗ, ಅಂದರೆ 40 ಟನ್‌ನಷ್ಟು ಬಲ ಪಕ್ಕದಿಂದ ತಳ್ಳುತ್ತದೆಂದು ಲೆಕ್ಕ ಹಿಡಿಯಬೇಕು. ಅದನ್ನು ನಾಲ್ಕು ಅಡ್ಡಗೋಡೆಗಳಿಗೆ ಹಂಚಿದರೆ ಒಂದು ಚದರ ಮೀಟರ್ ಗೋಡೆಯ ಮೇಲೆ ನಾಲ್ಕು ಟನ್ನಿಗೂ ಕಡಿಮೆ ಬರುತ್ತದೆ. ಒಳ್ಳೆಯ ಸಿಮೆಂಟ್ ಗಾರೆಗೆ ಇದು ಹೆಚ್ಚಲ್ಲ. ಕಾಗದದ ಮೇಲೆ ಶಾಲೆ ಪಾಸಾಯಿತು. ಆದರೆ ಈ ಲೆಕ್ಕ ಗೋಡೆಯನ್ನು ಒಂದೇ ಗಟ್ಟಿ ತುಂಡು ಎಂದು ನಂಬಿಕೊಂಡಿದೆ. ಎರಡು ಸಾಲುಗಳು ಬೇರೆಬೇರೆಯಾಗಿದ್ದರೆ, ನಡುವೆ ಮಣ್ಣೇ ಇದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಹಾಗಾಗಿ ಕೆಲಸದ ವ್ಯಾಪ್ತಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು: ಪ್ರತಿ ಕೋಣೆಯಲ್ಲಿ ಎರಡು ಕಡೆಯಾದರೂ ಎರಡಡಿ ಚದರ ಪ್ಲಾಸ್ಟರ್ ತೆಗೆಯುವುದು, ಒಂದೊಂದು ಕಲ್ಲು ಬಿಡಿಸಿ ಒಳಗೆ ನೋಡುವುದು, ಗಾರೆಯನ್ನು ಮೊಳೆಯಿಂದ ಕೆರೆದು ನೋಡಿ ಮಾದರಿ ತೆಗೆಯುವುದು. ಮೂಲೆಗಳಲ್ಲಿ ಎರಡು ಗೋಡೆಗಳು ಒಂದಕ್ಕೊಂದು ಹೆಣೆದುಕೊಂಡಿವೆಯೇ, ಕಿಟಕಿಯ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಇದೆಯೇ, ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂಬುದೂ ಇದರಲ್ಲಿ ಸೇರಬೇಕು. ಬುನಾದಿ ಪಕ್ಕ ಒಂದು ಗುಂಡಿಯನ್ನೂ ತೋಡಬೇಕು. ಎರೆಮಣ್ಣಿನ ನೆಲದಲ್ಲಿ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಮಣ್ಣಿನಿಂದಲೂ ಗೋಡೆ ಓರೆಯಾಗಿ ಬಿರಿಯುತ್ತದೆ, ಭೂಕಂಪಕ್ಕೆ ಮಾಡುವ ಯಾವ ಬಲಪಡಿಕೆಯೂ ಆ ಬಿರುಕನ್ನು ನಿಲ್ಲಿಸದು. ತೆಗೆದ ಕಲ್ಲು, ಪ್ಲಾಸ್ಟರನ್ನು ಮತ್ತೆ ಮುಚ್ಚುವುದು ಯಾರ ಖರ್ಚು ಎಂದೂ ಬರೆಸಿಕೊಳ್ಳಿ. ದಸರಾ ರಜೆಯಲ್ಲಿ ಮಾಡಿಸಿದರೆ ಪಾಠಕ್ಕೆ ತೊಂದರೆಯಿಲ್ಲ.

ಪ್ರಸ್ತಾವ ಯಾವುದೋ ಬೇರೆ ಕಟ್ಟಡದ್ದನ್ನು ನಕಲು ಮಾಡಿದ್ದೇ ಎಂದು ತಿಳಿಯಲು ಸುಲಭದ ದಾರಿಯಿದೆ. ಕಲ್ಲು, ಇಟ್ಟಿಗೆಯ ಹಳೆಯ ಕಟ್ಟಡಗಳಿಗೆ ಸಂಬಂಧಿಸಿದ ಸಂಹಿತೆ ಐಎಸ್ 13935. ಐಎಸ್ 15988 ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳದ್ದು. ಕಲ್ಲಿನ ಶಾಲೆಗೆ ಬರೀ ಎರಡನೆಯದನ್ನು ಹೆಸರಿಸಿದ್ದರೆ, ಗೋಡೆಗೂ ಕಾಂಕ್ರೀಟಿನ ಸುತ್ತಿಗೆ ಪರೀಕ್ಷೆಯನ್ನೇ ಹೇಳಿದ್ದರೆ, ಅವರು ಶಾಲೆಯನ್ನು ನೋಡಿಯೇ ಇಲ್ಲ.

ಕೊನೆಗೆ ಕೈಗೆ ಬರಬೇಕಾದದ್ದು ಮೂರು. ಮೊದಲನೆಯದು, ಬಿಚ್ಚಿ ನೋಡಿದ ಪ್ರತಿ ಜಾಗದ ಫೋಟೋ ಮತ್ತು ಅದನ್ನು ಗುರುತಿಸಿದ ನಕ್ಷೆ. ಎರಡನೆಯದು ಮೌಲ್ಯಮಾಪನ ವರದಿ. ‘ಕಟ್ಟಡ ದುರ್ಬಲವಾಗಿದೆ’ ಎಂದಷ್ಟೇ ಹೇಳಿದರೆ ಸಾಲದು, ಯಾವ ಗೋಡೆ, ಯಾವ ರೀತಿ, ಮೊದಲು ಬೀಳುತ್ತದೆ ಎಂದು ಅದು ಹೇಳಬೇಕು. ಮೂರನೆಯದು, ಅಂದಾಜು ಖರ್ಚಿನೊಂದಿಗೆ ಪರಿಹಾರದ ಆಯ್ಕೆಗಳು. ಈ ಶಾಲೆಗಾದರೆ ಗೋಡೆಯಲ್ಲಿ ಮೀಟರಿಗೊಂದರಂತೆ ಆರುಪಾರು ತೂತು ಮಾಡಿ, ಕಬ್ಬಿಣದ ಕೊಕ್ಕೆ ಇಟ್ಟು ಕಾಂಕ್ರೀಟ್ ತುಂಬಿ ಎರಡು ಮುಖಗಳನ್ನು ಹೊಲಿಯುವುದು, ಕಿಟಕಿಯ ಮೇಲೆ ಸುತ್ತಲೂ ತಂತಿ ಜಾಲರಿಯ ಸಿಮೆಂಟ್ ಪಟ್ಟಿ ಕಟ್ಟುವುದು ಒಂದು ಆಯ್ಕೆ. ಕಿಲ್ಲಾರಿ ಭೂಕಂಪದ ಬಳಿಕ ಕಲ್ಲುಮನೆಗಳಿಗೆ ಈ ಹೊಲಿಗೆಯನ್ನು ಹೇಳಿಕೊಟ್ಟರು. ಕೆಡವಿ ಹೊಸದಾಗಿ ಕಟ್ಟುವುದಕ್ಕೆ ಎಷ್ಟಾದೀತು ಎಂಬುದೂ ಪಕ್ಕದಲ್ಲೇ ಇರಬೇಕು.

ಇದೇ ಕಾರಣಕ್ಕೆ ಮೌಲ್ಯಮಾಪನದ ಶುಲ್ಕವನ್ನು ಬಲಪಡಿಕೆಯ ವೆಚ್ಚದ ಶೇಕಡಾವಾರು ಆಗಿ ಒಪ್ಪಿಕೊಳ್ಳಬೇಡಿ. ದುಬಾರಿ ಕೆಲಸವನ್ನು ಸೂಚಿಸಿದಷ್ಟೂ ಶುಲ್ಕ ಬೆಳೆಯುತ್ತದೆ, ‘ಏನೂ ಬೇಡ’ ಅಥವಾ ‘ಕೆಡವಿ’ ಎನ್ನುವ ಪ್ರಾಮಾಣಿಕ ಉತ್ತರಕ್ಕೆ ನಷ್ಟವಾಗುತ್ತದೆ. ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿ, ಮೂರು ಹಂತದಲ್ಲಿ ಕೊಡಿ. ಮೊದಲ ಕಂತು ಗೋಡೆ ಬಿಚ್ಚಿದ ಫೋಟೋಗಳು ಕೈಗೆ ಬಂದ ಮೇಲೆ.