ರೂಪಾಯಿ ಇಷ್ಟೇ ಏಕೆ ಇಳಿಯಿತು?

1993ರಲ್ಲಿ ಒಂದು ಡಾಲರಿಗೆ ಸುಮಾರು 31 ರೂಪಾಯಿ ಇತ್ತು. 2023ರಲ್ಲಿ ಅದೇ ಡಾಲರಿಗೆ 83 ರೂಪಾಯಿಯ ಹತ್ತಿರ ತೆರಬೇಕಾಯಿತು. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ರೂಪಾಯಿಯ ಮಾನ ಹೋಯಿತೆಂದು ಕೊರಗುವವರಿಗೆ ಕೊರತೆಯಿಲ್ಲ. ಆದರೆ ಅದೇ ಮೂವತ್ತು ವರ್ಷಗಳಲ್ಲಿ ಎರಡೂ ದೇಶಗಳ ಬೆಲೆಗಳು ಎಷ್ಟು ಏರಿದವು ಎಂದು ನೋಡಿದರೆ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ: ರೂಪಾಯಿ ಇನ್ನೂ ಹೆಚ್ಚು ಇಳಿಯಲಿಲ್ಲವೇಕೆ?

ಈ ಲೆಕ್ಕದ ದಾರಿ ಹಾಕಿಕೊಟ್ಟವರು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕಾಸೆಲ್. ಮೊದಲ ಮಹಾಯುದ್ಧದಲ್ಲಿ ಯುರೋಪಿನ ದೇಶಗಳು ಚಿನ್ನದ ಕಟ್ಟು ಬಿಟ್ಟು ನೋಟು ಮುದ್ರಿಸಿದ್ದವು. ಬೆಲೆಗಳು ಒಂದೊಂದು ದೇಶದಲ್ಲಿ ಒಂದೊಂದು ವೇಗದಲ್ಲಿ ಏರಿದ್ದವು. ಹಾಗಾದರೆ ಒಂದು ನಾಣ್ಯಕ್ಕೆ ಇನ್ನೊಂದರಲ್ಲಿ ಎಷ್ಟು ಬೆಲೆ ಕಟ್ಟಬೇಕು? ಕಾಸೆಲ್ ಹೇಳಿದ್ದು ಸರಳ. ಹಳೆಯ ವಿನಿಮಯ ದರವನ್ನು ಒಂದು ದೇಶದ ಬೆಲೆ ಏರಿಕೆಯಿಂದ ಗುಣಿಸಿ, ಇನ್ನೊಂದು ದೇಶದ ಬೆಲೆ ಏರಿಕೆಯಿಂದ ಭಾಗಿಸಿ. 1918ರಲ್ಲಿ ಅವರು ಇದಕ್ಕೆ ಕೊಳ್ಳುವ ಶಕ್ತಿಯ ಸಮಾನತೆ ಎಂದು ಹೆಸರಿಟ್ಟರು.

1993ರಿಂದ 2023ರವರೆಗೆ ಭಾರತದಲ್ಲಿ ಗ್ರಾಹಕ ಬೆಲೆಗಳು ಸುಮಾರು ಏಳು ಪಟ್ಟಾದವು. ಅಮೆರಿಕದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದಾಜು 2.1 ಪಟ್ಟು. 31ನ್ನು ಏಳರಿಂದ ಗುಣಿಸಿ 2.1ರಿಂದ ಭಾಗಿಸಿದರೆ 103 ರೂಪಾಯಿ ಬರುತ್ತದೆ.

ಲೆಕ್ಕದ ಹಿಂದಿನ ಯಂತ್ರವನ್ನು ತಿರುಪ್ಪೂರಿನ ಗಾರ್ಮೆಂಟ್ಸ್‌ನಲ್ಲಿ ಕಾಣಬಹುದು. 1993ರಲ್ಲಿ 310 ರೂಪಾಯಿಯ ಅಂಗಿ ಅಮೆರಿಕದ ವ್ಯಾಪಾರಿಗೆ 10 ಡಾಲರಿಗೆ ಸಿಗುತ್ತಿತ್ತು ಎಂದಿಟ್ಟುಕೊಳ್ಳೋಣ. ನೂಲು, ಕೂಲಿ, ಕರೆಂಟು ಎಲ್ಲವೂ ಏಳು ಪಟ್ಟಾದರೆ ಅಂಗಿ 2,170 ರೂಪಾಯಿ. ಡಾಲರ್ 31ರಲ್ಲೇ ಕೂತಿದ್ದರೆ ಅದರ ಬೆಲೆ 70 ಡಾಲರ್! ಅಮೆರಿಕದ ಬೆಲೆಗಳ ಜೊತೆಯಲ್ಲೇ ಏರಿದ್ದರೆ ಅದು 21 ಡಾಲರ್ ದಾಟುತ್ತಿರಲಿಲ್ಲ. ಆರ್ಡರುಗಳು ಬಾಂಗ್ಲಾದೇಶದ ಪಾಲಾಗುತ್ತವೆ, ಒಳಬರುವ ಡಾಲರ್ ಕಡಿಮೆಯಾಗುತ್ತದೆ. ಇತ್ತ ವಿದೇಶಿ ಸರಕು ಅಗ್ಗವಾಗಿ ಕಂಡು ಆಮದಿಗೆ ಡಾಲರ್ ಬೇಡಿಕೆ ಏರುತ್ತದೆ. ಎರಡೂ ಕಡೆಯಿಂದ ಒತ್ತಡ ಬಿದ್ದು ರೂಪಾಯಿ ಜಾರುತ್ತದೆ.

ಹಾಗಿದ್ದರೂ ಅದು 103ಕ್ಕೆ ಹೋಗದೆ 83ರ ಆಸುಪಾಸಿನಲ್ಲಿ ಉಳಿಯಿತು. ಇದಕ್ಕೆ ಬಹುಪಾಲು ಕಾರಣ ಕ್ಷೌರದಂಥ ಸೇವೆಗಳು. ದಾವಣಗೆರೆಯಲ್ಲಿ ಕ್ಷೌರ ಅಗ್ಗವೆಂದು ನ್ಯೂಜೆರ್ಸಿಯವರು ವಿಮಾನ ಹತ್ತಿ ಬರುವುದಿಲ್ಲ. ಹಡಗೇರದ ಇಂಥ ಸೇವೆಗಳು ಬಡ ದೇಶಗಳಲ್ಲಿ ಅಗ್ಗವಾಗಿಯೇ ಇರುತ್ತವೆ. ವಿಶ್ವಬ್ಯಾಂಕಿನ ಅಂದಾಜಿನಲ್ಲಿ ಒಂದು ಡಾಲರಿಗೆ ಅಮೆರಿಕದಲ್ಲಿ ಸಿಗುವಷ್ಟು ವಸ್ತು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೇ ಸಿಗುವುದು ಇದರಿಂದ. ದೇಶ ಬೆಳೆದಂತೆ ಸಾಫ್ಟ್‌ವೇರ್, ಔಷಧ, ವಾಹನ ಉದ್ಯಮಗಳಲ್ಲಿ ಒಬ್ಬರ ದುಡಿಮೆಯ ಫಲ ಹೆಚ್ಚುತ್ತದೆ, ಸಂಬಳ ಏರುತ್ತದೆ. ಆ ಸಂಬಳ ಕ್ಷೌರದಂಗಡಿಯ ದರವನ್ನೂ ಎಳೆದುಕೊಂಡು ಮೇಲೇರುತ್ತದೆ. ಬೆಲೆ ಸೂಚ್ಯಂಕ ಏರುತ್ತದೆ ನಿಜ, ಆದರೆ ಆ ಏರಿಕೆಯಿಂದ ರಫ್ತಿಗೆ ಅಷ್ಟು ಪೆಟ್ಟಿಲ್ಲ. ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆಬೇರೆಯಾಗಿ ಇದನ್ನೇ ವಿವರಿಸಿದ್ದರು.

ಕಾಸೆಲ್ ಸೂತ್ರ ನಂಬಿ ಮುಂದಿನ ತಿಂಗಳ ದರಕ್ಕೆ ಪಣ ಕಟ್ಟುವವರು ಮಾತ್ರ ಕೈ ಸುಟ್ಟುಕೊಳ್ಳುತ್ತಾರೆ. 2003ರಿಂದ 2007ರವರೆಗೆ ಭಾರತದಲ್ಲಿ ಬೆಲೆಗಳು ಅಮೆರಿಕಕ್ಕಿಂತ ವೇಗವಾಗಿ ಏರಿದರೂ ವಿದೇಶಿ ಬಂಡವಾಳ ಹರಿದುಬಂದು ಡಾಲರ್ 48ರಿಂದ 39ಕ್ಕೆ ಇಳಿಯಿತು. 2013ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಾಂಡ್ ಖರೀದಿ ತಗ್ಗಿಸುವ ಸುಳಿವು ಕೊಟ್ಟಿದ್ದೇ ತಡ, ಮೇ ತಿಂಗಳಲ್ಲಿ 55ರ ಹತ್ತಿರವಿದ್ದ ಡಾಲರ್ ಆಗಸ್ಟ್ ಅಂತ್ಯಕ್ಕೆ 68 ಮುಟ್ಟಿತು. ಮೂರು ತಿಂಗಳಲ್ಲಿ ಬೆಲೆಗಳ ಅಂತರ ಅಷ್ಟು ಹಿಗ್ಗುವುದು ಎಲ್ಲುಂಟು?

ರೂಪಾಯಿ ದಾರಿ ತಪ್ಪಿದೆಯೇ ಎಂದು ತಿಳಿಯಲು ರಿಸರ್ವ್ ಬ್ಯಾಂಕು 40 ದೇಶಗಳ ನಾಣ್ಯಗಳ ಎದುರು, ಬೆಲೆ ಏರಿಕೆಯ ವ್ಯತ್ಯಾಸವನ್ನೂ ಸೇರಿಸಿ, ಒಂದು ನೈಜ ವಿನಿಮಯ ದರ ಸೂಚ್ಯಂಕ ಪ್ರಕಟಿಸುತ್ತದೆ. 2015-16 ಅದಕ್ಕೆ 100. 2024ರ ನವೆಂಬರಿನಲ್ಲಿ ಅದು 108ರ ಮಟ್ಟಕ್ಕೆ ಏರಿತ್ತು, ಅಂದರೆ ಆ ಮೂಲವರ್ಷಕ್ಕೆ ಹೋಲಿಸಿದರೆ ರೂಪಾಯಿ ದುಬಾರಿಯಾಗಿತ್ತು. ಮರುವರ್ಷ ಭಾರತದ ಹಣದುಬ್ಬರ ಅಮೆರಿಕಕ್ಕಿಂತಲೂ ಕೆಳಗೆ, ಅಕ್ಟೋಬರಿನಲ್ಲಿ ಶೇ 0.25ಕ್ಕೆ ಕುಸಿಯಿತು. ಕಾಸೆಲ್ ಲೆಕ್ಕದಂತೆ ರೂಪಾಯಿ ಗಟ್ಟಿಯಾಗಬೇಕಿತ್ತು. ಆದರೆ ಅಮೆರಿಕ ಭಾರತದ ಸರಕಿಗೆ ಶೇ 50ರಷ್ಟು ಸುಂಕ ಹೇರಿತ್ತು, ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಟಿದ್ದರು. ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟುವ ವೇಳೆಗೆ ಆ ಸೂಚ್ಯಂಕ 100ಕ್ಕಿಂತ ಕೆಳಗೆ ಇಳಿದಾಗಿತ್ತು.